‘ಮಾಲಕರು ಬೇರೆ’ ಎಂದವನಿಂದಲೇ ಗೇರುಬೀಜದ ಮುಂಗಡ ವಾಪಸ್ ಪಡೆದೆ

ಕುಮಟಾದ ಗೋದಾಮಿನವನ ಕಡೆ ಬಾಕಿ ಇದ್ದ ಎರಡು ಲಕ್ಷ ಕೊನೆಗೂ ಕೈಸೇರಿದೆ. ‘ಅವ ಬರೀ ಏಜೆಂಟ್, ಅವನಿಂದ ಏನೂ ಬರಲ್ಲ, ಮಾಲಕನನ್ನು ಹಿಡಿ’ ಎಂದು ಹೊನ್ನಾವರದ ನಮ್ಮ ಫ್ಯಾಕ್ಟರಿಯವರೆಲ್ಲ ಹೇಳಿದ್ದರು. ನಾನು ಏಜೆಂಟನನ್ನೇ ಹಿಡಿದೆ.

ಮಾರ್ಚಿನಲ್ಲಿ ಕಿಲೋಗೆ ಸುಮಾರು 120ರಂತೆ ಫೋನಿನಲ್ಲೇ ವ್ಯಾಪಾರ ಕುದುರಿತು. ಮುಂಗಡ ಎರಡು ಮುಕ್ಕಾಲು ಲಕ್ಷದ ಹತ್ತಿರ, ಅವನ ಸ್ವಂತ ಖಾತೆಗೇ ಹಾಕಿದೆ. ಏಳೆಂಟು ಮೂಟೆ ಬಂತು. ಏಪ್ರಿಲಿನಲ್ಲಿ ದರ ಏರಿತು, ಮಾಲು ನಿಂತಿತು. ಕೇಳಿದರೆ, ‘ಮಾಲಕರು ಬೇರೆ ಮಾರಾಯ್ರೆ, ನಾನು ನೋಡಿಕೊಳ್ಳುವವ ಮಾತ್ರ’ ಎಂದ. ಅಲ್ಲಿಯವರೆಗೆ ಈ ಮಾತೇ ಬಂದಿರಲಿಲ್ಲ.

ಮೊದಲು ಠಾಣೆಗೆ ಹೋದೆ. ಸಿವಿಲ್ ವ್ಯವಹಾರ ಎಂದು ಕಳಿಸಿದರು. ಆಮೇಲೆ ಮಾಲಕನನ್ನು ಹುಡುಕಿದೆ. ಮೂಟೆಗಳ ಜೊತೆ ಬಂದ ಬಿಲ್ಲಿನಲ್ಲಿ ಅಂಗಡಿ ಹೆಸರಷ್ಟೇ ಇತ್ತು, ಆದರೆ ಜಿಎಸ್‌ಟಿ ನಂಬರ್ ಇತ್ತು. ಆ ನಂಬರಿನ ಮೂರರಿಂದ ಹನ್ನೆರಡನೆಯವರೆಗಿನ ಅಕ್ಷರಗಳು ಪ್ಯಾನ್ ನಂಬರ್ ಅಲ್ವಾ? ಆರನೆಯದು ‘ಪಿ’ ಇದ್ದರೆ ಪ್ಯಾನ್ ಒಬ್ಬ ವ್ಯಕ್ತಿಯದು, ಏಳನೆಯದು ಸಾಮಾನ್ಯವಾಗಿ ಅವರ ಅಡ್ಡಹೆಸರಿನ ಮೊದಲ ಅಕ್ಷರ. ಇಲ್ಲಿ ಆರನೆಯದು ‘ಪಿ’ಯೇ. ಏಳನೆಯದು ಮಾತ್ರ ಗೋದಾಮಿನವನ ಅಡ್ಡಹೆಸರಿಗೆ ಹೊಂದಲಿಲ್ಲ. ಪೋರ್ಟಲಿನಲ್ಲಿ ನಂಬರ್ ಹಾಕಿದರೆ ಪೂರ್ತಿ ಹೆಸರೇ ಬಂತು. ಆಸಾಮಿ ಹುಬ್ಬಳ್ಳಿಯಲ್ಲಿದ್ದ. ಬಸ್ಸು, ಊಟ, ಒಂದು ದಿನದ ಕೆಲಸ ಹೋಯಿತು. ‘ಮುಂಗಡ ತಗೋ ಎಂದು ನಾನು ಹೇಳಿರಲಿಲ್ಲ’ ಎಂದು ಕೈತೊಳೆದುಕೊಂಡ.

ಆಗ 1872ರ ಕರಾರು ಕಾಯ್ದೆ ಹಿಡಿದು ಕೂತೆ. ಏಜೆಂಟ್ ಸಾಮಾನ್ಯವಾಗಿ ಸ್ವಂತಕ್ಕೆ ಹೊಣೆಯಲ್ಲ, ನಿಜ. ಆದರೆ 230ನೇ ಕಲಮಿನ ಪ್ರಕಾರ, ಮಾಲಕನ ಹೆಸರು ಹೇಳದೆ ವ್ಯಾಪಾರ ಮಾಡಿದರೆ ಅವನೂ ಹೊಣೆ ಎಂದೇ ಕೋರ್ಟು ಮೊದಲಿಗೆ ಊಹಿಸುತ್ತದೆ. ಇಲ್ಲ ಎಂದು ತೋರಿಸುವ ಭಾರ ಅವನ ಮೇಲೆ. 233ನೇ ಕಲಮು ಇನ್ನೂ ಒಳ್ಳೆಯದು: ಏಜೆಂಟ್ ಹೊಣೆಯಾದಲ್ಲಿ ಅವನ ಮೇಲೆ, ಮಾಲಕನ ಮೇಲೆ ಅಥವಾ ಇಬ್ಬರ ಮೇಲೂ ಹೋಗಬಹುದು. ಹಣ ಎರಡು ಸಲ ಸಿಗಲ್ಲ, ಅಷ್ಟೇ. ‘ಎರಡು ದೋಣಿ ಮೇಲೆ ಕಾಲಿಟ್ಟರೆ ಮುಳುಗ್ತೀಯ’ ಎಂದ ಗೆಳೆಯನಿಗೆ ಈ ಕಲಮು ಓದಿ ಹೇಳಿದೆ. ಅವನು ನಂಬಲಿಲ್ಲ.

ಎಲ್ಲ ನಿಂತಿದ್ದು ಒಂದೇ ಪ್ರಶ್ನೆಯ ಮೇಲೆ: ಕರಾರಾದ ಹೊತ್ತಿಗೆ ನನಗೆ ಏನು ಗೊತ್ತಿತ್ತು? ಆಮೇಲೆ ಗೊತ್ತಾಗಿದ್ದು ಲೆಕ್ಕಕ್ಕಿಲ್ಲ. ‘ಬಿಲ್ಲಿನಲ್ಲೇ ನಂಬರ್ ಇತ್ತಲ್ಲ’ ಎಂದು ಅವನ ವಕೀಲರು ವಾದಿಸಿದರು. ಬಿಲ್ಲು ಬಂದಿದ್ದು ಹಣ ಹೋಗಿ ವಾರದ ಮೇಲೆ. ಬ್ಯಾಂಕಿನ ಪುಟವನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟೆವು, ಎರಡು ತಾರೀಖೇ ಸಾಕಾಯಿತು. ಬಿಲ್ಲು ಮೊದಲೇ ಬಂದಿದ್ದರೆ, ಅಥವಾ ‘ಇಂಥವರ ಪರವಾಗಿ’ ಎಂದು ಹೆಸರು ಬರೆದು ಸಹಿ ಹಾಕಿದ ಚೀಟಿ ಇದ್ದಿದ್ದರೆ ನನ್ನ ಕೇಸು ಸೊರಗುತ್ತಿತ್ತು.

ನಡುವೆ ಅವನು ವಾಟ್ಸಾಪಿನಲ್ಲಿ, ‘ಮಾಲಕರ ಹತ್ರ ಮಾತ್ರ ತಗೊಳ್ತೇನೆ ಅಂತ ಒಂದು ಸಾಲು ಹಾಕಿ, ನಾನೇ ಕೊಡಿಸ್ತೇನೆ’ ಎಂದ. ನಾನು ಹಾಕಲಿಲ್ಲ. ಹಾಗೆ ನಂಬಿಸಿ ಅವನು ಅದರಂತೆ ನಡೆದುಬಿಟ್ಟರೆ, 234ನೇ ಕಲಮಿನ ಪ್ರಕಾರ ಆಮೇಲೆ ಅವನನ್ನು ಹಿಡಿಯುವಂತಿಲ್ಲ. ನೋಟಿಸನ್ನೂ ಇಬ್ಬರ ಹೆಸರಿಗೇ ಕಳಿಸಿದೆವು. ಏಜೆಂಟನ ಹೆಸರಿನ ಮುಂದೆ ಏನು ಬರೆದೆವು ಎಂಬುದನ್ನು ಮಾತ್ರ ಇಲ್ಲಿ ಹೇಳಲ್ಲ. ಅದಕ್ಕೆ ವಕೀಲರೂ ನಾನೂ ಒಂದು ಸಂಜೆ ಪೂರ್ತಿ ತಲೆ ಕೆಡಿಸಿಕೊಂಡಿದ್ದೇವೆ.

ಇದೇ ಕಾಯ್ದೆಯನ್ನು ಗೋಣಿಚೀಲದಲ್ಲೂ ಪರೀಕ್ಷಿಸಿದೆ. ಒಬ್ಬ ನನಗೆ ಹಳೇ ಬಾಕಿ ಹತ್ತು ಹನ್ನೆರಡು ಸಾವಿರ ಕೊಡಬೇಕಿತ್ತು. ಅವನದೇ ಎಂದು ಚೀಲ ಕೊಂಡೆ. ಮಾಲಕ ಎಂದು ಇನ್ನೊಬ್ಬ ಬಂದು ಪೂರ್ತಿ ಹಣ ಕೇಳಿದ. 232ನೇ ಕಲಮು ತೋರಿಸಿ ಬಾಕಿ ಮುರಿದುಕೊಂಡೇ ಕೊಟ್ಟೆ. ತೆರೆಮರೆಯಿಂದ ಬಂದ ಮಾಲಕ ನನ್ನ ಮತ್ತು ಏಜೆಂಟನ ನಡುವಿನ ಲೆಕ್ಕ ಒಪ್ಪಿಕೊಂಡೇ ಹಣ ಕೇಳಬೇಕು.

ಬೀಜದ ಕೇಸು ಒಂದೂವರೆ ವರ್ಷ ಎಳೆದು ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಸಲು ಪೂರ್ತಿ ಬಂತು, ಬಡ್ಡಿ ಬಿಟ್ಟೆ. ಖರ್ಚು ಮೂವತ್ತು ಸಾವಿರದ ಆಸುಪಾಸು. ಹಣವನ್ನು ಕಂತಿನಲ್ಲಿ ಕಟ್ಟಿದವನು ಏಜೆಂಟನೇ. ಹುಬ್ಬಳ್ಳಿಯವನಿಂದ ಅದನ್ನು ವಸೂಲಿ ಮಾಡುವುದು ಅವರಿಬ್ಬರ ಪಾಡು.

ಅಂಕೋಲಾದಲ್ಲಿ ನನ್ನ ಪರವಾಗಿ ಬೀಜ ಕೊಳ್ಳುವ ಹುಡುಗನೊಬ್ಬ ಇದ್ದಾನೆ. ಈ ಸೀಸನ್ನಿನಿಂದ ಅವನು ವ್ಯಾಪಾರ ಮುಗಿಸುವ ಮೊದಲೇ ಚೀಟಿಯಲ್ಲಿ ನನ್ನ ಹೆಸರು ಬರೆದು, ‘ಇವರ ಪರವಾಗಿ’ ಎಂದು ಸಹಿ ಹಾಕುತ್ತಾನೆ.