ಸ್ಕ್ಯಾನ್ ಮಾಡಿದ ಸ್ಲೈಡ್‌ಗಳ ಸಾರಾಂಶ ಬರೆಯೋರಿಗೆ ಒಂದು ಸಲಹೆ

ಹೋದ ವಾರ ವಿಜಯಪುರದ ದ್ರಾಕ್ಷಿ ಬೆಳೆಗಾರರ ತರಬೇತಿಯ 22 ಸ್ಲೈಡ್‌ಗಳು ಕೈಗೆ ಬಂದವು. ಎಲ್ಲಾ ಬರೀ ಚಿತ್ರ, ಒಂದಕ್ಷರ ಕಾಪಿ ಆಗಲ್ಲ. ನಾನು ಹೀಗೆ ಮಾಡಿದೆ:

```
pdftoppm -r 300 -png slides.pdf s
tesseract s-07.png s-07 -l kan+eng
```

ಮೊದಲ ಸಾಲು PDFನ ಪ್ರತಿ ಪುಟವನ್ನೂ ಒಂದೊಂದು ಚಿತ್ರ ಮಾಡುತ್ತದೆ, ಎರಡನೇದು ಆ ಚಿತ್ರ ಓದಿ ಪಠ್ಯ ತೆಗೆಯುತ್ತದೆ. ಎರಡನೇ ಸಾಲನ್ನು ಪ್ರತಿ ಪುಟಕ್ಕೂ ಓಡಿಸಬೇಕು. ಪಠ್ಯ ಬಂತು ಅಂತ ಸುಮ್ನೆ ಸಾರಾಂಶಕ್ಕೆ ಕೂತ್ಕೋಬೇಡಿ ರೀ. ಒತ್ತಕ್ಷರ ಕೆಟ್ಟರೆ ಕಣ್ಣಿಗೆ ಬೀಳುತ್ತದೆ, ಅಂಕಿ ಕೆಟ್ಟರೆ ಬೀಳಲ್ಲ.

ಏಳನೇ ಪುಟದಲ್ಲಿ, ಬಳ್ಳಿಗೆ ಸಿಂಪಡಿಸೋ ಔಷಧದ ಬಗ್ಗೆ, ‘ಬೋರ್ಡೋ ದ್ರಾವಣ 5%’ ಅಂತ ಬಂದಿತ್ತು. ಓದೋಕೆ ಚೆನ್ನಾಗೇ ಇದೆ, ಅಲ್ವಾ? ಆದ್ರೆ ಕೆಳಗೇ ಮೈಲುತುತ್ತ 500 ಗ್ರಾಂ, ಸುಣ್ಣ 500 ಗ್ರಾಂ, ನೀರು 100 ಲೀಟರ್ ಅಂತಿತ್ತು. ಈ ದ್ರಾವಣದ ಶೇಕಡಾ ಲೆಕ್ಕ ಮೈಲುತುತ್ತದ ಮೇಲೆ. 100 ಲೀಟರಿಗೆ 1 ಕೆಜಿ ಹಾಕಿದ್ರೆ 1%, ಅಂದ್ರೆ ಇದು 0.5% ಇರಬೇಕು. ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದೆ, ಮಸುಕಾದ ‘0.’ ಅಲ್ಲೇ ಇತ್ತು. ಹಂಗೇ ಬಿಟ್ಟಿದ್ರೆ ಹತ್ತು ಪಟ್ಟು ಔಷಧ! ಒಂದೇ ಪುಟದ ಅಂಕಿಗಳನ್ನು ಒಂದಕ್ಕೊಂದು ತಾಳೆ ನೋಡಿ, ಹೊಂದದಿದ್ದರೆ ಚಿತ್ರದಲ್ಲಿ ಇರೋದನ್ನೇ ನಂಬಿ.

ಹನ್ನೆರಡನೇ ಪುಟದಿಂದ ಬಂದದ್ದು ಬರೀ ‘20 40 60 80’. ಅದು ಗ್ರಾಫಿನ ಅಂಚಿನ ಗುರುತು, ಫಲಿತಾಂಶ ಅಲ್ಲ. ಮಾತಾಡಿದವರು ಬಾಯಲ್ಲಿ ಹೇಳಿದ್ದು ಸ್ಲೈಡಲ್ಲಿ ಇರಲ್ಲ, ಅದನ್ನು ಊಹಿಸಿ ತುಂಬಬೇಡಿ. ನಾನು ಬರೆದದ್ದು ಇಷ್ಟೇ: ‘ಪುಟ 12: ರೋಗದ ಗ್ರಾಫ್, ಯಾವ ಗೆರೆ ಯಾವ ಔಷಧ ಅಂತ ಗೊತ್ತಾಗುತ್ತಿಲ್ಲ, ತರಬೇತಿ ಕೊಟ್ಟವರನ್ನು ಕೇಳಬೇಕು.’