ಮೆಸ್ ಊಟದ ಜೊತೆಗೆ ದಿನಕ್ಕೆ 16 ರೂಪಾಯಿಯ ಪ್ರೋಟೀನ್

ತುಮಕೂರಿನ ಹಾಸ್ಟೆಲ್, ಪಿ.ಜಿ.ಗಳಲ್ಲಿ ಹೊಟ್ಟೆ ತುಂಬುವಷ್ಟು ಊಟ ಸಿಗುತ್ತದೆ. ಬೆಳಿಗ್ಗೆ ಚಿತ್ರಾನ್ನವೋ ಇಡ್ಲಿಯೋ, ಮಧ್ಯಾಹ್ನ ಮುದ್ದೆ, ಅನ್ನ, ಸಾರು, ರಾತ್ರಿ ಮತ್ತೆ ಅನ್ನ, ಸಾರು, ಮಜ್ಜಿಗೆ. ಕಡಿಮೆ ಬೀಳುವುದು ಪ್ರೋಟೀನ್. ಅದಕ್ಕಾಗಿ ಸಾವಿರಾರು ರೂಪಾಯಿಯ ಪುಡಿ ಡಬ್ಬ ಬೇಡ, ಮೆಸ್ ಊಟ ಬಿಡುವುದೂ ಬೇಡ. ಎಷ್ಟು ಕಡಿಮೆ ಬೀಳುತ್ತಿದೆ ಎಂದು ಮೊದಲು ಲೆಕ್ಕ ಹಾಕಿ, ಅಷ್ಟನ್ನು ಮಾತ್ರ ಮೊಟ್ಟೆ, ಸೋಯಾ, ಮೊಳಕೆಕಾಳಿನಿಂದ ತುಂಬಿಸಿದರೆ ಸಾಕು.

ಮೊದಲು ತಟ್ಟೆಯ ಲೆಕ್ಕ

60 ಕೆ.ಜಿ. ತೂಕದ ಒಬ್ಬ ಡಿಗ್ರಿ ವಿದ್ಯಾರ್ಥಿ ಎಂದುಕೊಳ್ಳೋಣ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಮಾಣದಂತೆ, ಒಳ್ಳೆಯ ಗುಣಮಟ್ಟದ ಪ್ರೋಟೀನ್ ಆದರೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಸಾಕು. ಆದರೆ ಅಕ್ಕಿ, ರಾಗಿಯಂಥ ಧಾನ್ಯವೇ ಜಾಸ್ತಿ ಇರುವ ಊಟದಲ್ಲಿ 1 ಗ್ರಾಂ ಎಂದು ಇಟ್ಟುಕೊಳ್ಳುವುದು ಸರಿ. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಅದು ಕಾಳಿನಲ್ಲಿ ಚೆನ್ನಾಗಿದೆ. ಮುದ್ದೆಗೆ ಕಾಳಿನ ಸಾರು ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು ಹೀಗೆ. ಹಾಗಾಗಿ ನಮ್ಮ ಹುಡುಗನಿಗೆ ದಿನಕ್ಕೆ 60 ಗ್ರಾಂ ಬೇಕು. 50 ಕೆ.ಜಿ. ತೂಕದ ಹುಡುಗಿಗಾದರೆ 50 ಗ್ರಾಂ.

ಈಗ ಮೆಸ್‌ನಿಂದ ಎಷ್ಟು ಬರುತ್ತದೆ ನೋಡಿ. ಒಂದು ತಟ್ಟೆ ಚಿತ್ರಾನ್ನದಲ್ಲಿ ಹೆಚ್ಚುಕಡಿಮೆ 7 ಗ್ರಾಂ. ಮಧ್ಯಾಹ್ನ 100 ಗ್ರಾಂ ಹಿಟ್ಟಿನ ಮುದ್ದೆಯಿಂದ 7, ಅನ್ನದಿಂದ 5, ಸಾರಿನ ಬೇಳೆಯಿಂದ 5. ರಾತ್ರಿ ಅನ್ನ, ಸಾರು, ಮಜ್ಜಿಗೆ ಸೇರಿ 13. ಒಟ್ಟು 37 ಗ್ರಾಂ. ಕೊರತೆ 23 ಗ್ರಾಂ. ನಿಮ್ಮ ಮೆಸ್‌ನಲ್ಲಿ ಎರಡು ಮೂರು ಗ್ರಾಂ ಆಚೀಚೆ ಆಗಬಹುದು, ಅದರಿಂದ ತೊಂದರೆ ಇಲ್ಲ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಏರುಪೇರಾಗುವುದು ಸಾರು. ನೂರಾರು ಜನರಿಗೆ ಮಾಡುವ ಸಾರು ತೆಳ್ಳಗಿರುತ್ತದೆ, ಬೇಳೆ ತಳದಲ್ಲಿ ಕೂತಿರುತ್ತದೆ. ಬಟ್ಟಲಿಗೆ ಹಾಕಿಸಿಕೊಂಡು ಎರಡು ನಿಮಿಷ ಅಲುಗಾಡಿಸದೆ ಬಿಡಿ. ತಳದಲ್ಲಿ ಬೇಳೆ ಒಂದು ಬೆರಳಿನಷ್ಟು ದಪ್ಪವೂ ಕೂರದಿದ್ದರೆ ನೀವು ಕುಡಿಯುತ್ತಿರುವುದು ಖಾರದ ನೀರು. ಬಡಿಸುವವರಿಗೆ "ಅಣ್ಣ, ತಳದಿಂದ ಕಲಸಿ ಹಾಕಿ" ಅಂತ ಹೇಳಿ. ಬಸ್ಸಾರಿನ ದಿನ ಇನ್ನೂ ಹುಷಾರಾಗಿರಬೇಕು. ಬಸಿದ ಕಟ್ಟಿನಲ್ಲಿ ರುಚಿ ಇರುತ್ತದೆ, ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಆ ಕಾಳಿನ ಪಲ್ಯ ಬಿಟ್ಟು ಬರೀ ಸಾರು ಉಂಡರೆ ಮುಖ್ಯವಾದದ್ದನ್ನೇ ಬಿಟ್ಟಂತೆ.

ಮೊಳಕೆ: 7 ಗ್ರಾಂ

ಒಂದು ವಿಷಯ ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಮೊಳಕೆ ಬರಿಸಿದರೆ ಪ್ರೋಟೀನ್ ಹೆಚ್ಚುವುದಿಲ್ಲ. ಕಾಳು ನೀರು ಕುಡಿದು ಉಬ್ಬುತ್ತದೆ ಅಷ್ಟೇ. ಹಾಗಾಗಿ ಯಾವಾಗಲೂ ಒಣಕಾಳನ್ನೇ ಅಳೆಯಿರಿ. 30 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಇರುತ್ತದೆ, ಮೊಳಕೆ ಬಂದ ಮೇಲೂ ಅಷ್ಟೇ. ಮೊಳಕೆಯ ಲಾಭ ಬೇರೆ. ಬೇಗ ಬೇಯುತ್ತದೆ, ಸ್ವಲ್ಪ ವಿಟಮಿನ್ ಸಿ ಹುಟ್ಟುತ್ತದೆ, ಕಬ್ಬಿಣಾಂಶ ಮೈಗೆ ಹಿಡಿಯುವುದನ್ನು ತಡೆಯುವ ಫೈಟೇಟ್ ಕಡಿಮೆಯಾಗುತ್ತದೆ.

ರಾತ್ರಿ ಮಲಗುವ ಮುಂಚೆ ಒಂದು ಹಿಡಿ ಹೆಸರುಕಾಳನ್ನು ಎರಡು ಮೂರು ಸಲ ತೊಳೆದು, ಕುಡಿಯುವ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ನೀರು ಪೂರ್ತಿ ಬಸಿದು, ಮತ್ತೊಮ್ಮೆ ತೊಳೆದು, ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಗಂಟನ್ನು ಡಬ್ಬದೊಳಗೆ ಮುಚ್ಚಿಡಬೇಡಿ, ಗಾಳಿ ಆಡುವಂತೆ ನೇತುಹಾಕಿ. ಕಾಲೇಜಿನಿಂದ ಬಂದ ಮೇಲೆ ಗಂಟಿನ ಮೇಲೆ ನೀರು ಹಾಯಿಸಿ ಚೆನ್ನಾಗಿ ಬಸಿಯಿರಿ. ಮಾರ್ಚ್, ಏಪ್ರಿಲ್ ಸೆಕೆಗೆ ಅದೇ ರಾತ್ರಿ ಮೊಳಕೆ ಇಣುಕಿರುತ್ತದೆ. ಡಿಸೆಂಬರ್ ಚಳಿಗೆ ಮಾರನೇ ಬೆಳಿಗ್ಗೆವರೆಗೆ ಕಾಯಬೇಕು. ಅರ್ಧ ಸೆಂಟಿಮೀಟರ್ ಮೊಳಕೆ ಬಂದರೆ ಸಾಕು, ಉದ್ದ ಬಿಡುವ ಅಗತ್ಯವಿಲ್ಲ.

ಹಾಸ್ಟೆಲ್‌ನಲ್ಲಿ ಮೊಳಕೆ ಕೆಡುವುದಕ್ಕೆ ಕಾರಣ ಹೆಚ್ಚಾಗಿ ಒಂದೇ, ನೀರು ಸರಿಯಾಗಿ ಬಸಿದಿರುವುದಿಲ್ಲ. ಮುಟ್ಟಿದರೆ ಲೋಳೆಲೋಳೆ ಅನಿಸಿದರೆ, ಹುಳಿ ವಾಸನೆ ಬಂದರೆ, ತೊಳೆದು ತಿನ್ನುವ ಯೋಚನೆ ಬೇಡ, ಎಸೆಯಿರಿ. ಕಾಳು ಮೊಳೆಯುವ ಆ ಬೆಚ್ಚಗಿನ ತೇವದಲ್ಲಿ ಭೇದಿ ತರಿಸುವ ಬ್ಯಾಕ್ಟೀರಿಯಾಗಳೂ ಬೆಳೆಯುತ್ತವೆ. ಚೆನ್ನಾಗಿ ಕಾಣುವ ಮೊಳಕೆಯನ್ನೂ ಹಸಿಯಾಗಿ ತಿನ್ನದಿರುವುದೇ ಒಳ್ಳೆಯದು. ಇಡ್ಲಿ ಬೇಯಿಸುವ ದಿನ ನಿಮ್ಮ ಗಂಟನ್ನು ಅಡುಗೆಮನೆಗೆ ಕೊಟ್ಟು, ಅದೇ ಪಾತ್ರೆಯ ಮೇಲಿನ ತಟ್ಟೆಯಲ್ಲಿ ಹತ್ತು ನಿಮಿಷ ಹಬೆಯಲ್ಲಿ ಇಡಿಸಿಕೊಳ್ಳಿ. ನಾಲ್ಕೈದು ಜನ ಸೇರಿ ಒಟ್ಟಿಗೆ ಕೊಟ್ಟರೆ ಅಡುಗೆಯವರಿಗೂ ಸುಲಭ. ಮೇಲೆ ಉಪ್ಪು, ಈರುಳ್ಳಿ, ನಿಂಬೆರಸ. ನಿಂಬೆರಸ ರುಚಿಗೆ ಮಾತ್ರ ಅಲ್ಲ, ಕಾಳಿನ ಕಬ್ಬಿಣಾಂಶ ಮೈಗೆ ಹಿಡಿಯುವುದಕ್ಕೂ ಬೇಕು.

ಹುರಳಿಕಾಳಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಪ್ರೋಟೀನ್ ಇದೆ, ಬೆಲೆ ಸಾಮಾನ್ಯವಾಗಿ ಕಡಿಮೆ. ಆದರೆ ಮೊಳಕೆಗೆ ಒಂದು ದಿನ ಜಾಸ್ತಿ ಬೇಕು, ಹಬೆ ಸಾಲದು, ಕುಕ್ಕರ್ ಬೇಕು. ಮೆಸ್‌ನಲ್ಲಿ ಮೊಳಕೆ ಹುರಳಿಕಾಳಿನ ಸಾರು ಮಾಡಿದ ದಿನ ಕಾಳು ಜಾಸ್ತಿ ಹಾಕಿಸಿಕೊಳ್ಳಿ, ಅಂದು ನಿಮ್ಮ ಹೆಸರುಕಾಳು ಬೇಡ. ಅಲಸಂದೆ, ಅವರೆ, ರಾಜ್ಮಾ ಮೊಳಕೆಯನ್ನಂತೂ ಬೇಯಿಸದೆ ತಿನ್ನಲೇಬಾರದು.

ಬೇಯಿಸಿಕೊಡುವವರೇ ಇಲ್ಲವಾ? ಆಗ ಹುರಿಗಡಲೆ ಹಿಡಿಯಿರಿ. 30 ಗ್ರಾಂನಲ್ಲಿ 6 ಗ್ರಾಂ ಪ್ರೋಟೀನ್, ಯಾವ ತಯಾರಿಯೂ ಬೇಡ. ಪಾವಗಡ, ಶಿರಾ ಕಡೆಯಿಂದ ಬಂದವರಿಗೆ ಮನೆಯಿಂದ ಕಡಲೆಕಾಯಿ ಬೀಜ ಬರುತ್ತಿದ್ದರೆ 25 ಗ್ರಾಂ ಬೀಜದಿಂದಲೂ ಅಷ್ಟೇ ಸಿಗುತ್ತದೆ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಆದ್ದರಿಂದ ಒಂದು ಸಣ್ಣ ಹಿಡಿಗೆ ನಿಲ್ಲಿಸಿ.

ಸೋಯಾ: 10 ಗ್ರಾಂ

ಸೋಯಾ ಚಂಕ್ಸ್ ಪ್ಯಾಕೆಟ್ ಮೇಲೆ ನೂರು ಗ್ರಾಂಗೆ 52 ಗ್ರಾಂ ಪ್ರೋಟೀನ್ ಎಂದು ಬರೆದಿರುತ್ತದೆ. ಅದು ಒಣ ಚಂಕ್ಸ್ ಲೆಕ್ಕ. ನೆನೆದ ಮೇಲೆ ಅದರ ತೂಕ ಸುಮಾರು ಮೂರು ಪಟ್ಟು ಆಗುತ್ತದೆ, ನೂರು ಗ್ರಾಂ ನೆಂದ ಚಂಕ್ಸ್‌ನಲ್ಲಿ ಅಷ್ಟು ಇರುವುದಿಲ್ಲ. ತಕ್ಕಡಿ ಇಲ್ಲದಿದ್ದರೂ ಅಳತೆ ಸುಲಭ. 200 ಗ್ರಾಂ ಪ್ಯಾಕೆಟ್ ಒಡೆದು ಹತ್ತು ಸಮ ಪಾಲು ಮಾಡಿ. ಒಂದು ಪಾಲು 20 ಗ್ರಾಂ, ಅದರಲ್ಲಿ 10 ಗ್ರಾಂ ಪ್ರೋಟೀನ್.

ಸೋಯಾ ಇಷ್ಟವಿಲ್ಲ ಎನ್ನುವವರಿಗೆ ಬೇಡವಾಗಿರುವುದು ಅದರ ಹಸಿ ವಾಸನೆ. ಅದನ್ನು ತೆಗೆಯಬಹುದು. ಒಂದು ಪಾಲನ್ನು ಸ್ಟೀಲ್ ಡಬ್ಬಕ್ಕೆ ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಕುದಿಯುವ ನೀರು ಸುರಿದು ಮುಚ್ಚಿ. ಹತ್ತು ನಿಮಿಷದ ನಂತರ ಆ ನೀರು ಚೆಲ್ಲಿ, ತಣ್ಣೀರಿಗೆ ಹಾಕಿ, ಎರಡು ಅಂಗೈ ನಡುವೆ ಒತ್ತಿ ಹಿಂಡಿ. ಹಿಂಡಿದ ನೀರು ಮಬ್ಬಾಗಿದ್ದರೆ ಇನ್ನೊಂದು ಸಲ ತಣ್ಣೀರು, ಇನ್ನೊಂದು ಸಲ ಹಿಂಡು. ಈ ಹಿಂಡುವುದರಲ್ಲೇ ಎಲ್ಲ ಇದೆ. ಸರಿಯಾಗಿ ಹಿಂಡದಿದ್ದರೆ ಒಳಗೆ ನೀರು ತುಂಬಿಕೊಂಡು ಸಾರು ಹೀರುವುದಿಲ್ಲ, ಸಪ್ಪೆಯಾಗಿ ರಬ್ಬರಿನಂತೆ ಇರುತ್ತದೆ. ಚೆನ್ನಾಗಿ ಹಿಂಡಿದ್ದನ್ನು ಬಿಸಿ ಸಾರಿಗೆ ಹಾಕಿ ಐದು ನಿಮಿಷ ಬಿಟ್ಟರೆ ಖಾರ, ಹುಳಿ ಎಲ್ಲ ಒಳಗೆ ಇಳಿಯುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆಗೆ ಹಾಕಿ ಹುರಿದುಕೊಟ್ಟರೆ ಇನ್ನೂ ರುಚಿ.

ಸೋಯಾ ತಿಂದರೆ ಗಂಡಸುತನ ಕಡಿಮೆಯಾಗುತ್ತದೆ ಎಂದು ಹುಡುಗರು ಹೆದರುವುದುಂಟು. ಸಾಮಾನ್ಯ ಪ್ರಮಾಣದಲ್ಲಿ ತಿಂದವರಲ್ಲಿ ಟೆಸ್ಟೋಸ್ಟೆರಾನ್ ಕಡಿಮೆಯಾಗುವುದಿಲ್ಲ ಎಂದೇ ಅಧ್ಯಯನಗಳು ತೋರಿಸಿವೆ. ದಿನಕ್ಕೆ 20 ಗ್ರಾಂ ಚಂಕ್ಸ್‌ಗೆ ಹೆದರಬೇಕಿಲ್ಲ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಗಮನಿಸಬೇಕು. ಸೋಯಾ ಆ ಮಾತ್ರೆ ಮೈಗೆ ಹಿಡಿಯುವುದನ್ನು ತಗ್ಗಿಸಬಹುದು. ಬೆಳಿಗ್ಗೆ ಮಾತ್ರೆ, ರಾತ್ರಿ ಸೋಯಾ ಎಂದು ಇಟ್ಟುಕೊಳ್ಳಿ, ವೈದ್ಯರಿಗೂ ತಿಳಿಸಿ.

ಮೊಟ್ಟೆ: 6 ಗ್ರಾಂ

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಜಿಮ್‌ಗೆ ಹೋಗುವ ಹುಡುಗರು ಹಳದಿ ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆ 6 ಗ್ರಾಂನಲ್ಲಿ ಹತ್ತಿರ ಹತ್ತಿರ ಅರ್ಧ ಹಳದಿಯಲ್ಲೇ ಇದೆ. ದುಡ್ಡು ಕೊಟ್ಟು ತಂದು ಅರ್ಧ ಎಸೆಯುವುದು ಯಾಕೆ? ಹಸಿ ಮೊಟ್ಟೆ ಕುಡಿಯುವುದೂ ನಷ್ಟವೇ. ಬೇಯಿಸಿದ ಮೊಟ್ಟೆಯ ಪ್ರೋಟೀನ್ ಹೆಚ್ಚುಕಡಿಮೆ ಪೂರ್ತಿ ಜೀರ್ಣವಾಗುತ್ತದೆ, ಹಸಿಯದು ಅದಕ್ಕಿಂತ ಬಹಳ ಕಡಿಮೆ. ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ.

ನೀರು ಕುದಿಯಲು ಶುರುವಾದ ಮೇಲೆ 10ರಿಂದ 12 ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಹಳದಿಯ ಸುತ್ತ ಹಸಿರು ಬಣ್ಣ ಕಂಡರೆ ಜಾಸ್ತಿ ಬೆಂದಿದೆ ಎಂದರ್ಥ, ತಿನ್ನಲು ತೊಂದರೆ ಇಲ್ಲ. ಬೇಯಿಸಿದ್ದನ್ನು ಫ್ರಿಜ್ ಇಲ್ಲದ ರೂಮಿನಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ಹಸಿ ಮೊಟ್ಟೆಯನ್ನೂ ವಾರಕ್ಕಾಗುವಷ್ಟು ಮಾತ್ರ ತನ್ನಿ. ನೀರಿನಲ್ಲಿ ತೇಲುವುದು ತುಂಬಾ ಹಳೆಯದು, ಬಿಟ್ಟುಬಿಡಿ. ಮೊಟ್ಟೆಗೆ ಅವಕಾಶವಿಲ್ಲದ ಹಾಸ್ಟೆಲ್ ಆದರೆ ಅದರ ಜಾಗಕ್ಕೆ ಒಂದು ಹಿಡಿ ಹುರಿಗಡಲೆ ಹಾಕಿಕೊಳ್ಳಿ, ಅದೇ 6 ಗ್ರಾಂ.

ಇದನ್ನು ದಿನಕ್ಕೆ ಹಂಚುವುದು

ಬೆಳಿಗ್ಗೆ ತಿಂಡಿ ಜೊತೆ ಮೊಟ್ಟೆ, ಸಂಜೆ ಬೋಂಡಾ ಅಂಗಡಿಗೆ ಹೋಗುವ ಹೊತ್ತಿಗೆ ಮೊಳಕೆ, ರಾತ್ರಿ ಅನ್ನ ಸಾರಿನ ಜೊತೆ ಸೋಯಾ. 6, 7, 10, ಒಟ್ಟು 23. ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ಕಾಳಿನ ಅಭ್ಯಾಸ ತಪ್ಪಿದ ಹೊಟ್ಟೆ ಉಬ್ಬರಿಸುತ್ತದೆ. ಮೊದಲ ವಾರ ಮೊಟ್ಟೆ ಮತ್ತು ಅರ್ಧ ಹಿಡಿ ಮೊಳಕೆ, ಆಮೇಲೆ ಸೋಯಾ.

ಮೊಟ್ಟೆಗೆ 7 ರೂಪಾಯಿ, ಹೆಸರುಕಾಳು ಕೆ.ಜಿ.ಗೆ 120, ಸೋಯಾ ಪ್ಯಾಕೆಟ್‌ಗೆ 50 ಎಂದು ಹಿಡಿದರೆ ದಿನಕ್ಕೆ 7, 3.60 ಮತ್ತು 5 ರೂಪಾಯಿ. ಹದಿನಾರಕ್ಕೆ ಸ್ವಲ್ಪ ಕಡಿಮೆ, ತಿಂಗಳಿಗೆ ಸುಮಾರು 470. ಬೆಲೆ ಏರಿಳಿದಾಗ ಒಂದು ಲೆಕ್ಕ ಮಾಡಿಕೊಳ್ಳಿ: 10 ಗ್ರಾಂ ಪ್ರೋಟೀನ್‌ಗೆ ಎಷ್ಟು ಬೀಳುತ್ತದೆ? ಈ ಬೆಲೆಯಲ್ಲಿ ಮೊಟ್ಟೆಯಿಂದ ಸುಮಾರು 12 ರೂಪಾಯಿ, ಹೆಸರುಕಾಳು, ಸೋಯಾ ಎರಡರಿಂದಲೂ ಸುಮಾರು 5. ಮೊಟ್ಟೆ ದುಬಾರಿಯಾದ ತಿಂಗಳು ವಾರಕ್ಕೆ ಮೂರಕ್ಕೆ ಇಳಿಸಿ, ಉಳಿದ ದಿನ ಕಾಳು ಹೆಚ್ಚಿಸಿ. ರೂಮಿನ ನಾಲ್ಕು ಜನ ಸೇರಿ ಮಂಡಿಪೇಟೆಯಲ್ಲಿ ಕಾಳು ಒಟ್ಟಿಗೆ ತಂದರೆ ಸಣ್ಣ ಪ್ಯಾಕೆಟ್‌ಗಿಂತ ಅಗ್ಗ. ಆದರೆ ಒಂದು ತಿಂಗಳಿಗಾಗುವಷ್ಟೇ ತನ್ನಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಿ, ಇಲ್ಲದಿದ್ದರೆ ಹುಳ ಬೀಳುತ್ತದೆ.

ಕಿಡ್ನಿ ತೊಂದರೆ ಇರುವವರು ಇದರಲ್ಲಿ ಏನನ್ನೂ ವೈದ್ಯರನ್ನು ಕೇಳದೆ ಶುರು ಮಾಡಬಾರದು.