ಕೇಡಿನ ಪ್ರಮಾಣದ ಪ್ರಶ್ನೆಗೆ ನಲವತ್ತು ನಿಮಿಷದ ಉತ್ತರ

ಇಂಗ್ಲೆಂಡಿನ ಒಸಿಆರ್ ಪರೀಕ್ಷಾ ಮಂಡಳಿಯ ಎ-ಲೆವೆಲ್ ಧರ್ಮಾಧ್ಯಯನದಲ್ಲಿ ಧರ್ಮದ ತತ್ತ್ವಶಾಸ್ತ್ರಕ್ಕೆಂದೇ ಎರಡು ಗಂಟೆಯ ಒಂದು ಪತ್ರಿಕೆ ಇದೆ. ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಪ್ರಬಂಧ ಬರೆಯಬೇಕು. ಪ್ರತಿಯೊಂದಕ್ಕೂ 40 ಅಂಕ, ಅಂದರೆ 40 ನಿಮಿಷ. ಆ 40ರಲ್ಲಿ ವಿಷಯಜ್ಞಾನಕ್ಕೆ ಸಿಗುವುದು 16 ಮಾತ್ರ, ಉಳಿದ 24 ವಿಶ್ಲೇಷಣೆಗೆ ಮತ್ತು ತೀರ್ಪಿಗೆ. ಈ ಪತ್ರಿಕೆಗೆ ಕೂರುವ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರಿಗೆ ನಾನು ಮನೆಪಾಠ ಹೇಳುತ್ತೇನೆ. ಸರ್ವಶಕ್ತನೂ ಕರುಣಾಳುವೂ ಆದ ದೇವರಿದ್ದರೆ ಲೋಕದಲ್ಲಿ ಕೇಡೇಕೆ ಎಂಬ ಕೇಡಿನ ಸಮಸ್ಯೆಗೆ ಅವರ ಮುಂದಿಡಲು ಒಂದು ಮಾದರಿ ಉತ್ತರ ಬೇಕಿತ್ತು. ಗಡಿಯಾರ ಇಟ್ಟುಕೊಂಡು, ಅವರಂತೆಯೇ ಕೈಬರಹದಲ್ಲಿ ನಾನೇ ಬರೆದೆ. ಅದು ಹೇಗೆ ರೂಪುಗೊಂಡಿತು ಎಂಬುದನ್ನು ಹೇಳುತ್ತೇನೆ. ಬರೆದದ್ದು ಇಂಗ್ಲಿಷಿನಲ್ಲಿ, ಅದರ ಕೆಲವು ಭಾಗಗಳನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಪ್ರಶ್ನೆಯನ್ನು ಪಠ್ಯಕ್ರಮದ ಚರ್ಚಾವಿಷಯದಿಂದಲೇ ಹೆಣೆದೆ: ‘ಆತ್ಮಗಳನ್ನು ರೂಪಿಸುವ ಅಗತ್ಯವು ಲೋಕದಲ್ಲಿರುವ ಕೇಡಿನ ಪ್ರಮಾಣವನ್ನು ಸಮರ್ಥಿಸಲಾರದು. ಚರ್ಚಿಸಿ.’ ಇಂಥ ಪ್ರಶ್ನೆ ಕಂಡೊಡನೆ ವಿದ್ಯಾರ್ಥಿಗಳ ಕೈ ತಾನಾಗಿಯೇ ಚಿಂತಕರ ಒಂದು ಮೆರವಣಿಗೆ ಹೊರಡಿಸುತ್ತದೆ. ಮೊದಲು ಎಪಿಕ್ಯೂರಸ್, ಅವನ ಹಿಂದೆ ಹ್ಯೂಮ್, ಆಮೇಲೆ ಮ್ಯಾಕಿ, ಆಗಸ್ಟೀನ್, ಐರಿನೇಯಸ್, ಕೊನೆಗೆ ಹಿಕ್. ಹಿಕ್ ಬರುವ ಹೊತ್ತಿಗೆ ಮೂವತ್ತು ನಿಮಿಷ ಮುಗಿದಿರುತ್ತದೆ. ಆತ್ಮಗಳು ರೂಪುಗೊಳ್ಳಲು ಕೇಡು ಬೇಕು ಎಂಬ ವಾದ ಹಿಕ್‌ನದು, ಆದ್ದರಿಂದ ಪ್ರಶ್ನೆ ಇರುವುದು ಅವನ ಬಗ್ಗೆ. ಅದೂ ಕೇಡು ಏಕೆ ಇದೆ ಎಂಬುದರ ಬಗ್ಗೆ ಅಲ್ಲ, ಇಷ್ಟೊಂದು ಏಕೆ ಇದೆ ಎಂಬುದರ ಬಗ್ಗೆ. ಒಂದಿಷ್ಟು ಕೇಡು ಬೇಕೆಂದು ತೋರಿಸಿದರೆ ಇಷ್ಟೂ ಕೇಡು ಬೇಕೆಂದು ತೋರಿಸಿದಂತಾಗುವುದಿಲ್ಲ. ನನ್ನ ಉತ್ತರ ಪೂರ್ತಿ ನಿಂತದ್ದು ಈ ಅಂತರದ ಮೇಲೆ.

ಮೊದಲ ಐದು ನಿಮಿಷ ಬರೆಯಲಿಲ್ಲ. ಹಾಳೆಯ ಮೂಲೆಯಲ್ಲಿ ತೀರ್ಪನ್ನು ಒಂದು ಸಾಲಿನಲ್ಲಿ ಗುರುತು ಮಾಡಿಕೊಂಡು, ಅದರ ಕೆಳಗೆ ಅದನ್ನು ಕೆಡವಬಲ್ಲ ಅತ್ಯಂತ ಬಲವಾದ ಆಕ್ಷೇಪವನ್ನು ಬರೆದುಕೊಂಡೆ. ಪೀಠಿಕೆ ಹೀಗೆ ಬಂತು:

‘ಕೇಡು ದೇವರ ಉದ್ದೇಶದ ಒಂದು ಭಾಗ ಎಂದು ಜಾನ್ ಹಿಕ್ ಒಪ್ಪಿಕೊಳ್ಳುತ್ತಾನೆ. ಆದ್ದರಿಂದ ಆಗಸ್ಟೀನನ ಮೇಲೆ ಬೀಳದ ಒಂದು ಹೊಣೆ ಅವನ ಮೇಲೆ ಬೀಳುತ್ತದೆ: ಕೇಡು ಆ ಉದ್ದೇಶಕ್ಕೆ ಬೇಕಾದಷ್ಟೇ ಇದೆ ಎಂದು ಅವನು ತೋರಿಸಬೇಕು. ಲೋಕದಲ್ಲಿ ಕೇಡು ಏಕೆ ಇರಬೇಕು ಎಂಬುದಕ್ಕೆ ಅವನ ಉತ್ತರ ಸಮರ್ಥವಾಗಿದೆ. ಅದರ ಪ್ರಮಾಣಕ್ಕೆ ಅವನು ಕೊಡುವ ಸಮರ್ಥನೆ ಮಾತ್ರ ಪರಲೋಕದ ಭರವಸೆಯ ಮೇಲೆ ನಿಂತಿದೆ, ಆ ಭರವಸೆ ಅವನ ವಾದವನ್ನೇ ಸಡಿಲಗೊಳಿಸುತ್ತದೆ ಎಂದು ನಾನು ವಾದಿಸುತ್ತೇನೆ.’

ಆಗಸ್ಟೀನನಿಗೆ ಸಿಕ್ಕಿದ ಜಾಗ ಇಷ್ಟೇ. ಅವನ ಪ್ರಕಾರ ಸೃಷ್ಟಿ ಮೊದಲಿಗೆ ಪರಿಪೂರ್ಣವಾಗಿತ್ತು, ಕೇಡು ಎಂಬುದು ಒಳಿತಿನ ಅಭಾವ, ಅದು ಬಂದದ್ದು ಆದಾಮ ಹವ್ವರು ದೇವರ ಮಾತು ಮೀರಿದ ಪತನದಿಂದ. ಹಾಗಾದರೆ ಎಷ್ಟು ಕೇಡು ಎಂಬ ಲೆಕ್ಕವನ್ನು ದೇವರಿಂದ ಕೇಳುವಂತಿಲ್ಲ, ಪಾಪ ಮಾಡಿದವರಿಂದ ಕೇಳಬೇಕು. ಹಿಕ್ ಆ ದಾರಿ ಬಿಟ್ಟ ಕೂಡಲೇ ಲೆಕ್ಕದ ಪುಸ್ತಕ ದೇವರ ಮುಂದೆ ಬರುತ್ತದೆ. ಆಗಸ್ಟೀನನ ವಿವರಣೆಗೆ ಒಂದು ಪುಟ ಕೊಡುವುದಕ್ಕಿಂತ ಈ ಹೋಲಿಕೆಗೆ ಎರಡು ವಾಕ್ಯ ಕೊಟ್ಟರೆ ಅಂಕ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂದಿನ ಪರಿಚ್ಛೇದದಲ್ಲಿ ಹಿಕ್‌ನ ವಾದವನ್ನು ಅದರ ಪೂರ್ಣ ಬಲದಲ್ಲಿ ಇಟ್ಟೆ. 1966ರ ತನ್ನ ಕೃತಿಯಲ್ಲಿ ಅವನು ಪ್ರಾಚೀನ ಕ್ರೈಸ್ತ ಚಿಂತಕ ಐರಿನೇಯಸ್‌ನ ಒಂದು ಭೇದವನ್ನು ಎತ್ತಿಕೊಳ್ಳುತ್ತಾನೆ. ಬೈಬಲಿನ ಆದಿಕಾಂಡದಲ್ಲಿ ಮನುಷ್ಯನನ್ನು ದೇವರ ಸ್ವರೂಪದಲ್ಲಿ, ಹೋಲಿಕೆಗೆ ಸರಿಯಾಗಿ ಉಂಟುಮಾಡುವ ಮಾತಿದೆ. ಸ್ವರೂಪ ಹುಟ್ಟಿನಿಂದಲೇ ಇದೆ, ಹೋಲಿಕೆಯನ್ನು ಬೆಳೆದು ಪಡೆಯಬೇಕು. ಸಿದ್ಧವಾಗಿ ಬಂದ ಸದ್ಗುಣಕ್ಕಿಂತ ಕಷ್ಟಗಳ ನಡುವೆ ಸ್ವಂತ ಆಯ್ಕೆಯಿಂದ ಗಳಿಸಿದ ಸದ್ಗುಣ ಮೇಲು. ಆಯ್ಕೆ ನಿಜವಾಗಿರಬೇಕಾದರೆ ದೇವರು ಕಣ್ಣೆದುರು ನಿಂತಿರಬಾರದು. ಇದನ್ನು ಹಿಕ್ ಅರಿವಿನ ಅಂತರ ಎನ್ನುತ್ತಾನೆ. ನೋವೇ ಇಲ್ಲದ ಲೋಕವೊಂದನ್ನು ಊಹಿಸಿಕೊಳ್ಳಲು ಅವನು ಹೇಳುತ್ತಾನೆ: ಅಲ್ಲಿ ಯಾರೂ ಯಾರಿಗೂ ಹಾನಿ ಮಾಡಲಾಗುವುದಿಲ್ಲ, ಪ್ರಕೃತಿಯ ನಿಯಮಗಳು ಬೇಕಾದಂತೆ ಬಾಗುತ್ತವೆ. ಅಲ್ಲಿ ಧೈರ್ಯಕ್ಕೆ, ಔದಾರ್ಯಕ್ಕೆ, ಕರುಣೆಗೆ ಅರ್ಥವೇ ಇರುವುದಿಲ್ಲ. ನೈಸರ್ಗಿಕ ಕೇಡಿಗೂ ಒಂದು ಉದ್ದೇಶ ಸಿಗುವುದು ಇಲ್ಲಿಯೇ. ಬರೀ ಇಚ್ಛಾಸ್ವಾತಂತ್ರ್ಯದ ವಾದಕ್ಕೆ ಭೂಕಂಪವನ್ನು ವಿವರಿಸುವುದು ಕಷ್ಟ.

ಪರಿಚ್ಛೇದವನ್ನು ವಿವರಣೆಯ ವಾಕ್ಯದಿಂದ ಮುಗಿಸಬಾರದು ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ. ನಾನು ಹೀಗೆ ಮುಗಿಸಿದೆ: ‘ಈ ಚಿಂತನ ಪ್ರಯೋಗ ತೋರಿಸುವುದು ಶೂನ್ಯ ಕೇಡಿನ ಲೋಕ ಬೇಡ ಎಂಬುದನ್ನು. ಇದಕ್ಕಿಂತ ಕಡಿಮೆ ಕೇಡಿನ ಲೋಕ ಬೇಡ ಎಂಬುದನ್ನು ಅದು ತೋರಿಸಿಲ್ಲ.’ ಮುಂದಿನ ಪರಿಚ್ಛೇದಕ್ಕೆ ಈ ಎರಡು ವಾಕ್ಯಗಳೇ ಬಾಗಿಲು.

ಅಲ್ಲಿ ವಿಲಿಯಂ ರೋ ಬರುತ್ತಾನೆ. 1955ರಲ್ಲಿ ಮ್ಯಾಕಿ ಮಂಡಿಸಿದ್ದು ತಾರ್ಕಿಕ ಸಮಸ್ಯೆ. ಸರ್ವಶಕ್ತ, ಪರಮ ಕರುಣಾಳು ದೇವರು ಮತ್ತು ಕೇಡು ಒಟ್ಟಿಗೆ ಇರುವುದು ವಿರೋಧಾಭಾಸ ಎಂಬುದು ಅವನ ವಾದ. ಕೇಡಿಗೆ ಒಂದು ಸಾಧ್ಯ ಕಾರಣ ತೋರಿಸಿದರೂ ಆ ವಾದಕ್ಕೆ ಉತ್ತರ ಸಿಕ್ಕಂತೆ. ರೋ 1979ರಲ್ಲಿ ಎತ್ತಿದ್ದು ಸಾಕ್ಷ್ಯದ ಸಮಸ್ಯೆ. ದೂರದ ಕಾಡಿನಲ್ಲಿ ಸಿಡಿಲಿನಿಂದ ಬೆಂಕಿ ಹೊತ್ತಿಕೊಳ್ಳುತ್ತದೆ. ಜಿಂಕೆಮರಿಯೊಂದು ಸುಟ್ಟು, ದಿನಗಟ್ಟಲೆ ನರಳಿ ಸಾಯುತ್ತದೆ. ಇದನ್ನು ತಡೆದಿದ್ದರೆ ಯಾವ ದೊಡ್ಡ ಒಳಿತೂ ನಷ್ಟವಾಗುತ್ತಿರಲಿಲ್ಲ ಎಂದು ತೋರುತ್ತದೆ. ಹಾಗೆಂದು ಸಾಧಿಸಿ ತೋರಿಸಲು ಆಗುವುದಿಲ್ಲ, ನಂಬುವುದು ವಿವೇಕಯುತ ಎಂದಷ್ಟೇ ರೋ ಹೇಳುತ್ತಾನೆ. ವಿದ್ಯಾರ್ಥಿಗಳು ಈ ಉದಾಹರಣೆಯನ್ನು ಮರುಕ ಹುಟ್ಟಿಸಲು ಬಳಸುತ್ತಾರೆ. ಅದರ ನಿಜವಾದ ಉಪಯೋಗ ಬೇರೆ. ಆ ಮರಿಗೆ ಹಿಕ್ ಹೇಳುವ ಅರ್ಥದಲ್ಲಿ ರೂಪುಗೊಳ್ಳಬೇಕಾದ ಆತ್ಮವಿಲ್ಲ. ಅದನ್ನು ಕಂಡು ಕರುಣೆ ಬೆಳೆಸಿಕೊಳ್ಳಲು ಯಾವ ಮನುಷ್ಯನೂ ಅಲ್ಲಿಲ್ಲ. ಆತ್ಮ ರೂಪಿಸುವ ವಾದ ತಲುಪಲಾರದ ಜಾಗವನ್ನೇ ಹುಡುಕಿ ಇಟ್ಟಂತಿದೆ ಆ ಉದಾಹರಣೆ. ಉತ್ತರದಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು.

ನಾನು ಹೆಚ್ಚು ಹೊತ್ತು ಕೊಟ್ಟದ್ದು ಇದರ ನಂತರದ ಭಾಗಕ್ಕೆ, ಹಿಕ್ ಏನು ಮರುತ್ತರ ಕೊಡುತ್ತಾನೆ ಎಂಬುದಕ್ಕೆ. ಬಹಳಷ್ಟು ಉತ್ತರಗಳು ಇಲ್ಲಿ ಅವನನ್ನು ಮೂಕನನ್ನಾಗಿ ಮಾಡಿಬಿಡುತ್ತವೆ. ಅವನಿಗೆ ಎರಡು ಒಳ್ಳೆಯ ಮಾತುಗಳಿವೆ. ಒಂದು, ಅತಿ ಭೀಕರವಾದ ಕೇಡುಗಳನ್ನು ತೆಗೆದುಹಾಕಿದರೆ ಅವುಗಳ ಕೆಳಗಿನವು ನಮಗೆ ಅತಿ ಭೀಕರವಾಗಿ ಕಾಣುತ್ತವೆ, ದೂರು ಎಂದೂ ನಿಲ್ಲುವುದಿಲ್ಲ. ಎರಡು, ನೋವು ಅರ್ಹತೆಗೆ ತಕ್ಕಂತೆ, ಉದ್ದೇಶ ಕಾಣುವಂತೆ ಹಂಚಿಕೆಯಾಗಿದ್ದರೆ ನೊಂದವನ ಮೇಲೆ ನಮಗೆ ಕನಿಕರವೇ ಹುಟ್ಟುವುದಿಲ್ಲ. ಅವನಿಗೆ ತಕ್ಕದ್ದು ಸಿಕ್ಕಿತು ಎಂದು ಮುಂದೆ ಹೋಗುತ್ತೇವೆ. ನೋವು ಅರ್ಥವಿಲ್ಲದ್ದಾಗಿ ಕಾಣುವುದೇ ಕರುಣೆಗೆ ನೆಲ.

ಕರ್ಮಸಿದ್ಧಾಂತ ಕೇಳಿ ಬೆಳೆದ ನಮ್ಮ ಮನೆಗಳ ಮಕ್ಕಳು ಇಲ್ಲಿ ಕಿವಿ ನಿಮಿರಿಸುತ್ತಾರೆ. ದೇವರಿಗೆ ಪಕ್ಷಪಾತದ, ನಿರ್ದಯೆಯ ದೋಷ ತಟ್ಟದು, ಏಕೆಂದರೆ ಅವನು ಜೀವಿಗಳ ಕರ್ಮವನ್ನು ಅಪೇಕ್ಷಿಸಿಯೇ ಫಲ ಕೊಡುತ್ತಾನೆ ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವೇ ಉತ್ತರ ಕೊಟ್ಟಿದೆಯಲ್ಲ, ಅದನ್ನು ಬರೆಯಬಹುದೇ ಎಂದು ಒಬ್ಬ ಹುಡುಗ ಕೇಳಿದ. ಬೇಡ ಎಂದೆ. ಈ ಪ್ರಶ್ನೆ ಕ್ರೈಸ್ತ ಚೌಕಟ್ಟಿನದು, ದಾರಿ ಬದಲಿಸಿದರೆ ಹಿಕ್ ಕೈಜಾರುತ್ತಾನೆ. ಆದರೆ ಹಿಕ್‌ನ ಎರಡನೆಯ ಮಾತು ಆ ಹುಡುಗನಿಗೆ ಉಳಿದವರಿಗಿಂತ ಬೇಗ ಅರ್ಥವಾಯಿತು.

ಈ ಮರುತ್ತರಗಳಿಗೆ ಬರೆದ ತೀರ್ಪು ಇದು: ‘ಮೊದಲನೆಯದು ದೂರಿನ ಸ್ವಭಾವವನ್ನು ವಿವರಿಸುತ್ತದೆಯೇ ಹೊರತು ಕೇಡಿನ ಪ್ರಮಾಣವನ್ನಲ್ಲ. ಮಿತಿಯ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಹೇಳಲಾಗದು ಎಂಬ ಕಾರಣಕ್ಕೆ ಗೆರೆ ಮೀರಿದ್ದು ಯಾವುದೂ ಇಲ್ಲ ಎನ್ನಲಾಗದು. ಎರಡನೆಯದು ಹೆಚ್ಚು ಬಲವಾದದ್ದು, ನೋವಿನ ಹಂಚಿಕೆಯಲ್ಲಿ ಕಾಣುವ ಅನ್ಯಾಯಕ್ಕೆ ಅದು ನಿಜಕ್ಕೂ ಉತ್ತರ. ಆದರೆ ಕರುಣೆ ಹುಟ್ಟಲು ಅಕಾರಣವಾದ ನೋವು ಬೇಕೆಂದು ಒಪ್ಪಿದರೂ, ಇಡೀ ಜನಾಂಗವೇ ನಾಶವಾಗಬೇಕೆಂದು ಅದರಿಂದ ಬರುವುದಿಲ್ಲ. ಅಂಥ ನೋವು ನೋಡುವವರನ್ನು ಬೆಳೆಸಬಹುದು, ಅನುಭವಿಸಿದವರನ್ನು ಮುರಿದುಹಾಕುತ್ತದೆ.’

ಕೊನೆಯ ವಾಕ್ಯ ಡಿ. ಜೆಡ್. ಫಿಲಿಪ್ಸ್‌ನ ಆಕ್ಷೇಪಕ್ಕೆ ದಾರಿ ಮಾಡಿತು. ಒಬ್ಬರ ನೋವನ್ನು ಇನ್ನೊಬ್ಬರ ಗುಣ ಬೆಳೆಸುವ ಸಾಧನವಾಗಿ ಕಾಣುವುದೇ ನೈತಿಕವಾಗಿ ಹೇಸುವಂಥದ್ದು ಎಂಬುದು ಅವನ ನಿಲುವು. ಹಿಕ್‌ಗೆ ಉಳಿದದ್ದು ಒಂದೇ ದಾರಿ. ರೂಪುಗೊಳ್ಳುವ ಕೆಲಸ ಸಾವಿನಾಚೆಗೂ ಮುಂದುವರಿಯುತ್ತದೆ, ಕಟ್ಟಕಡೆಗೆ ಎಲ್ಲರೂ ದೇವರನ್ನು ಸೇರುತ್ತಾರೆ ಎಂದು ಅವನು ಹೇಳುತ್ತಾನೆ. ಅನೇಕ ವಿದ್ಯಾರ್ಥಿಗಳು ಇದನ್ನು ‘ಸಾಕ್ಷ್ಯವಿಲ್ಲ’ ಎಂಬ ಒಂದೇ ಪದದಿಂದ ತಳ್ಳಿಹಾಕುತ್ತಾರೆ, ಅದು ಸೋಮಾರಿ ಉತ್ತರ. ನಾನು ಒಳಗಿನ ಬಿರುಕನ್ನು ಹುಡುಕಿದೆ. ಎಲ್ಲರೂ ಖಂಡಿತ ತಲುಪುವುದಾದರೆ ಸ್ವತಂತ್ರ ಆಯ್ಕೆಯ ತೂಕ ಕಡಿಮೆಯಾಗುತ್ತದೆ. ಈ ಲೋಕದಲ್ಲಿ ಒಂದು ದಿನ ಬದುಕಿದ ಮಗುವೂ ಆಚೆಯ ಲೋಕದಲ್ಲಿ ರೂಪುಗೊಳ್ಳಬಲ್ಲದಾದರೆ, ಈ ಲೋಕದ ಇಷ್ಟು ಕೇಡು ಅನಿವಾರ್ಯವಾಗಿತ್ತು ಎಂಬ ಮಾತೂ ಸಡಿಲವಾಗುತ್ತದೆ. ಪ್ರಮಾಣವನ್ನು ಸಮರ್ಥಿಸಲು ತಂದ ಭರವಸೆ ಅಗತ್ಯವನ್ನೇ ಅಳಿಸುತ್ತದೆ. ಪೀಠಿಕೆಯಲ್ಲಿ ಕೊಟ್ಟ ಮಾತು ಇಲ್ಲಿ ತೀರಿತು, ಉಪಸಂಹಾರಕ್ಕೆ ನಾಲ್ಕು ಸಾಲು ಸಾಕಾಯಿತು. ಒಟ್ಟು ಎಂಟುನೂರು ಪದಗಳ ಆಸುಪಾಸು ಆಗಿತ್ತು. ಆ ಸಮಯದಲ್ಲಿ ಕೈಬರಹಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಹಿಕ್‌ನ ಪರವಾಗಿ ತೀರ್ಪು ಕೊಡಬೇಕೆಂದಿರುವ ವಿದ್ಯಾರ್ಥಿಗೂ ಇದೇ ಚೌಕಟ್ಟು ಒದಗುತ್ತದೆ, ತೀರ್ಪಿನ ಬಣ್ಣಕ್ಕೆ ಅಂಕವಿಲ್ಲ. ಅಂಥವರು ರೋನ ವಾದಕ್ಕೆ ಉತ್ತರವಾಗಿ ಸ್ಟೀಫನ್ ವಿಕ್‌ಸ್ಟ್ರಾನನ್ನು ತರುತ್ತಾರೆ: ಕಾರಣ ನಮಗೆ ಕಾಣುತ್ತಿಲ್ಲ ಎಂಬುದರಿಂದ ಕಾರಣವಿಲ್ಲ ಎಂದಾಗದು, ದೇವರ ಕಾರಣಗಳು ನಮ್ಮ ಅರಿವಿಗೆ ನಿಲುಕುವಂಥವು ಎಂದು ಎಣಿಸಲು ಆಧಾರವಿಲ್ಲ. ವಾದ ಚುರುಕಾದದ್ದು. ಆದರೆ ಅದನ್ನು ಹಿಕ್‌ನ ಪಕ್ಕದಲ್ಲಿ ಸುಮ್ಮನೆ ಕೂರಿಸಲಾಗುವುದಿಲ್ಲ. ಕೇಡು ಏಕೆ ಇದೆ ಎಂಬುದು ನಮಗೆ ಗೊತ್ತು ಎನ್ನುವವನು ಹಿಕ್, ಗೊತ್ತಾಗಬೇಕೆಂದು ನಿರೀಕ್ಷಿಸಲೇಬೇಡಿ ಎನ್ನುವವನು ವಿಕ್‌ಸ್ಟ್ರಾ. ಕೇಡಿನ ಇರವಿಗೆ ಹಿಕ್, ಅದರ ಹೆಚ್ಚಳಕ್ಕೆ ವಿಕ್‌ಸ್ಟ್ರಾ ಎಂದು ಕೆಲಸ ಹಂಚಿಕೊಟ್ಟರೆ ವಾದ ನಿಲ್ಲಬಹುದು. ಆಗಲೂ ಪ್ರಮಾಣವನ್ನು ಸಮರ್ಥಿಸಿದ್ದು ಆತ್ಮ ರೂಪಿಸುವ ಅಗತ್ಯವೇ ಎಂದು ಬರೆಯುವಂತಿಲ್ಲ. ಪ್ರಶ್ನೆ ಕೇಳಿರುವುದು ಅದನ್ನೇ ಆದ್ದರಿಂದ, ಆ ವಿದ್ಯಾರ್ಥಿ ವಿಕ್‌ಸ್ಟ್ರಾನನ್ನು ಕರೆಯುವ ಮೊದಲೇ ಇದಕ್ಕೆ ಒಂದು ವಾಕ್ಯ ಸಿದ್ಧವಾಗಿಟ್ಟುಕೊಂಡಿರಬೇಕು.